ಐದು ಫೋಲ್ಡರು, ಒಂದು ಹಿತ್ತಲ ಬಾಗಿಲು

ನಮ್ಮ ಮನೆತನದ ಕಾಗದಗಳೆಲ್ಲ ಇದ್ದದ್ದು ಮೊರಬದ ಮನೆಯ ಒಂದು ತಗಡಿನ ಟ್ರಂಕಿನಲ್ಲಿ. ಅದರ ಕೀಲಿಕೈ ಅಣ್ಣನ ಉಡದಾರದಲ್ಲಿ. ಅಪ್ಪ ತೀರಿಕೊಂಡ ಮೇಲೆ ಆ ಕೀಲಿಕೈ ಅಣ್ಣನಿಗೆ ಬಂತು, ಅದರ ಜೊತೆ ಅಪ್ಪನ ಕೆಮ್ಮೂ ಬಂತು. ಯಾರಾದರೂ ಕಾಗದ ಕೇಳಿದರೆ ಅಣ್ಣ ಮೊದಲು ಅಪ್ಪನ ಹಾಗೆಯೇ ಒಮ್ಮೆ ಕೆಮ್ಮಿ, ಆಮೇಲೆ ಉಡದಾರಕ್ಕೆ ಕೈ ಹಾಕುತ್ತಿದ್ದ.

ನಾವು ಮೂವರು ಮಕ್ಕಳು. ಅಣ್ಣ ಮೊರಬದಲ್ಲಿ ಅವ್ವನ ಜೊತೆ ಇದ್ದು ಒಕ್ಕಲುತನ ಮಾಡುತ್ತಾನೆ. ತಮ್ಮನದು ಅಣ್ಣಿಗೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ನಾನು ನವಲಗುಂದದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಗಣಿತ ಕಲಿಸುವವರಿಗೆ ಒಂದು ರೋಗವಿರುತ್ತದೆ. ಯಾವುದನ್ನು ಕಂಡರೂ ಸಾಲಾಗಿ ನಿಲ್ಲಿಸಬೇಕು ಅನ್ನಿಸುತ್ತದೆ. ಆ ರೋಗ ನನಗೆ ತುಸು ಹೆಚ್ಚೇ ಇದೆ, ಒಪ್ಪಿಕೊಳ್ಳುತ್ತೇನೆ.

ಒಮ್ಮೆ ಅಣ್ಣಿಗೇರಿಯ ಮಳಿಗೆಯ ಬಾಡಿಗೆದಾರ ತನ್ನ ಲೈಸೆನ್ಸಿಗೆ ಬೇಕೆಂದು ಬಾಡಿಗೆ ಕರಾರಿನ ಪ್ರತಿ ಕೇಳಿದ. ಅಣ್ಣ ಒಂದು ಹೊತ್ತು ಪೂರ್ತಿ ಟ್ರಂಕಿನಲ್ಲಿ ಮುಳುಗಿ ಎದ್ದ. ಸಿಕ್ಕಿದ್ದು ನನ್ನ ಮೂರನೇ ಇಯತ್ತೆಯ ಮಾರ್ಕ್ಸ್ ಕಾರ್ಡು ಮತ್ತು ಸತ್ತು ಎಷ್ಟೋ ವರ್ಷವಾದ ಎತ್ತಿನ ವಿಮೆ. ಮಾರ್ಕ್ಸ್ ಕಾರ್ಡಿನಲ್ಲಿ ಗಣಿತಕ್ಕೆ ಎಷ್ಟು ಬಿದ್ದಿತ್ತು ಎಂಬುದು ಇಲ್ಲಿ ಬೇಡ. ಅವತ್ತೇ ನಾನು ತೀರ್ಮಾನ ಮಾಡಿದೆ: ಎಲ್ಲ ಕಾಗದ ಸ್ಕ್ಯಾನ್ ಮಾಡಿ, ಮೂವರ ಮೊಬೈಲಿನಲ್ಲೂ ತೆರೆಯುವ ಹಾಗೆ ಒಂದೇ ಕಡೆ ಇಡಬೇಕು.

ದಸರೆ ರಜೆಯಲ್ಲಿ ಕೂತೆವು. ಆಸ್ತಿಗೊಂದು ಫೋಲ್ಡರು: ಮೊರಬದ ಮನೆ, ಕಪ್ಪು ಮಣ್ಣಿನ ಎರಿ ಹೊಲ, ಅಣ್ಣಿಗೇರಿಯ ಎರಡು ಮಳಿಗೆ, ನವಲಗುಂದದ ಪ್ಲಾಟು. ಒಟ್ಟು ಐದು. ಒಂದೊಂದರ ಒಳಗೆ ಖರೀದಿ ಪತ್ರ, ಕರಾರು, ಹಕ್ಕು ತೋರಿಸುವ ಉತಾರ, ತೆರಿಗೆ ಪಟ್ಟಿ ತುಂಬಿದ ಪಾವತಿ, ಲೈಟ್ ಬಿಲ್ಲು, ಫೋಟೊ. ಹೆಸರಿಡಲು ನನ್ನದೊಂದು ನಿಯಮ. ಮೊದಲು ಆಸ್ತಿ, ಆಮೇಲೆ ಕಾಗದದ ಬಗೆ, ಕೊನೆಗೆ ತಾರೀಖು. ತಾರೀಖಿನಲ್ಲಿ ವರ್ಷ ಮೊದಲು, ತಿಂಗಳು, ದಿನ ಆಮೇಲೆ. ಹಾಗಿಟ್ಟರೆ ಹಳೆಯದರಿಂದ ಹೊಸದಕ್ಕೆ ತಾವೇ ಸಾಲಾಗಿ ನಿಲ್ಲುತ್ತವೆ. ‘ಅಣ್ಣಿಗೇರಿ-ಮಳಿಗೆ-1 ಬಾಡಿಗೆ-ಕರಾರು 2023-06-01’ ಎಂದು ಮೊದಲನೆಯದನ್ನು ಬರೆದಾಗ ನನಗೆ ಆದ ಸುಖ ನನ್ನ ಗಂಡನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಹಳೆಯ ಕಾಗದಗಳು ಮಡಚಿ ಮಡಚಿ ಸುರುಳಿಯಾಗಿದ್ದವು. ಅಣ್ಣ ಅವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ, ನಾನು ಮೊಬೈಲಿನಿಂದ ತೆಗೆದೆ. ಅವ್ವ ಬಾಜುಕ್ಕೆ ಕುಳಿತು ಫೋಟೊಗಳ ಜವಾಬ್ದಾರಿ ತಾನೇ ತೆಗೆದುಕೊಂಡಳು. ಒಂದು ಮಾಸಿದ ಫೋಟೊ ಕೈಗೆ ಬಂದಾಗ ನಾನು ‘ಮೊರಬ-ಮನೆ ಫೋಟೊ ಹಿತ್ತಲ-ಬಾಗಿಲು’ ಎಂದು ಬರೆಯಹೊರಟೆ.

"ಹಂಗ ಬರದ್ರ ಯಾರಿಗೆ ತಿಳೀತೈತಿ?" ಎಂದಳು ಅವ್ವ. "ಬಾಜು ಮನಿ ಕಾಕಾ ಹೋಳಗಿ ತಿನ್ನೂದು ಅಂತ ಬರಿ."

"ಅವ್ವಾ, ಇದು ಆಸ್ತಿ ದಾಖಲೆ."

"ಹೋಳಗಿ ಮಾಡಿದಾಕಿ ನಾನು. ಬರಿ."

ಹಿರಿಯರ ಮನಸ್ಸು ನೋಯಿಸಬಾರದೆಂದು ಬರೆದೆ. ಒಳಗೊಳಗೆ ಹಲ್ಲು ಕಡಿದೆ. ನನ್ನ ಶಿಸ್ತಿನ ಸಾಲಿನಲ್ಲಿ ಅದೊಂದೇ ಹೋಳಿಗೆ ತಿನ್ನುತ್ತ ನಿಂತಿತ್ತು.

ಕೆಲಸ ಮುಗಿದ ಮೇಲೆ ನಾನೊಂದು ತಪ್ಪು ಮಾಡಿದೆ. ಅಣ್ಣ ಹಿರಿಯ, ಬರೀ ನೋಡುವ ಹಕ್ಕು ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ತಿದ್ದುವ ಹಕ್ಕನ್ನೇ ಕೊಟ್ಟೆ. ಅಣ್ಣನೂ ಖುಷಿಯಾಗಿ ಅಸಲು ಕಾಗದಗಳನ್ನು ನವಲಗುಂದದ ಬ್ಯಾಂಕ್ ಲಾಕರಿಗೆ ಒಯ್ದಿಟ್ಟು ಬಂದ. ಖಾಲಿ ಟ್ರಂಕಿನಲ್ಲಿ ಅತ್ತಿಗೆ ಹಾಸಿಗೆ ತುಂಬಿದರು.

ಎರಡು ತಿಂಗಳು ಕಳೆದಿರಬೇಕು. ಒಂದು ರವಿವಾರ ಮುಂಜಾನೆ ಅಣ್ಣನ ಫೋನು ಬಂತು.

"ಲಗೂನ ಬಾ. ಬಾಜು ಮನ್ಯಾವ ಪಾಯಾ ತೋಡಾಕ ನಿಂತಾನ. ಓಣಿ ತನ್ನದ ಅಂತಾನ."

ಮನೆಯ ಹಿತ್ತಲ ಬಾಗಿಲು ತೆರೆಯುವುದು ಮೂರು ಫೂಟಿನ ಸಣ್ಣ ಓಣಿಗೆ. ಅದರಾಚೆ ಬಾಜು ಮನೆ. ಆ ಬಾಗಿಲ ಹೊಸ್ತಿಲೇ ಅವ್ವನ ಸಿಂಹಾಸನ. ಊಟವಾದ ಮೇಲೆ ಕಡಲೆ ಹಸನು ಮಾಡುತ್ತ ಅಲ್ಲಿ ಕೂತರೆ ಊರ ಸುದ್ದಿಯೆಲ್ಲ ಕಾಲ ಬಳಿಗೇ ಬರುತ್ತದೆ. ಓಣಿಯಲ್ಲಿ ಗೋಡೆ ಎದ್ದರೆ ಆ ಬಾಗಿಲು ಮುಚ್ಚಿಹೋಗುತ್ತದೆ, ಅವ್ವ ಮುಂದಿನ ಬಾಗಿಲಲ್ಲಿ ಟ್ರ್ಯಾಕ್ಟರಿನ ಧೂಳು ಕುಡಿಯುತ್ತ ಕೂಡಬೇಕು. ಅದನ್ನು ನೆನೆದು ಬಸ್ಸಿನಲ್ಲಿ ನನಗೆ ನಿಜಕ್ಕೂ ಅಳು ಬಂತು. ಆದರೆ ಧೈರ್ಯವೂ ಇತ್ತು. ಕಾಗದ ಕೈಯಲ್ಲೇ ಇದೆಯಲ್ಲ ಎಂದು ಮೊಬೈಲು ತೆರೆದೆ.

ಐದು ಫೋಲ್ಡರು ಖಾಲಿ. ಆರನೆಯದೊಂದು ಹುಟ್ಟಿತ್ತು, ಹೆಸರು ‘ಮನೆತನ’. ಅದರೊಳಗೆ ನೂರಾರು ಕಾಗದ. ಎಲ್ಲದರ ಹೆಸರೂ ಒಂದೇ: ‘ಶ್ರೀ ಗುರುಬಸವಲಿಂಗಾಯ ನಮಃ’, ಅದರ ಮುಂದೆ ಮೂರು ಚುಕ್ಕಿ. ಬೆರಳಿನಿಂದ ಜಾರಿಸಿದಷ್ಟೂ ಅದೇ ಸಾಲು. ಮೊರಬ ಮುಟ್ಟುವವರೆಗೆ ನಾನು ಮಾಡಿದ್ದು ನಾಮಸ್ಮರಣೆಯೇ.

ಹೋಗಿ ನೋಡಿದರೆ ಬಾಜು ಮನೆಯವರ ಹಳೆಯ ಗೋಡೆ ಕೆಡವಿ ಆಗಿದೆ. ಗೋಡೆ ಕಟ್ಟುವ ಗೌಂಡಿ ನಮ್ಮ ಹೊಸ್ತಿಲಿಗೆ ಅಂಟಿಕೊಂಡೇ ಸುಣ್ಣದ ಗೆರೆ ಎಳೆದು ಗುದ್ದಲಿ ಹಿಡಿದು ನಿಂತಿದ್ದಾನೆ. ಅವ್ವ ಹೊಸ್ತಿಲ ಮೇಲೆ ಕೂತು ಎರಡೂ ಕಾಲನ್ನು ಗೆರೆಯ ಆಚೆ ಚಾಚಿದ್ದಾಳೆ. ಬಾಜು ಮನೆಯವನು ಕೆಟ್ಟವನಲ್ಲ. ಕಾಕಾನ ಮಗ, ನಮ್ಮ ಜೊತೆ ಆಡಿ ಬೆಳೆದವನು. ತನ್ನ ಸೈಕಲ್ಲು, ಸಗಣಿಯ ಕುಳ್ಳು ಎಲ್ಲ ಆ ಓಣಿಯಲ್ಲೇ ಇಡುತ್ತ ಬಂದದ್ದರಿಂದ ಅದು ತನ್ನದೇ ಎಂದು ಮನಸಾರೆ ನಂಬಿದ್ದ.

"ಅಕ್ಕಾರ, ನಿಮ್ಮ ಹಂತ್ಯಾಕ ಕಾಗದ ಇದ್ರ ತೋರಸ್ರಿ," ಎಂದ. "ಇಲ್ಲಂದ್ರ ಕಾಕೂಗ ಕಾಲು ತಗೀ ಅನ್ರಿ. ಗೌಂಡಿ ಪಗಾರ ಎಣಿಸಾಕತ್ತಾನ."

ಲಾಕರಿಗೆ ರವಿವಾರದ ರಜೆ. ನಾನು ಅಣ್ಣನನ್ನು ಒಳಗೆ ಕರೆದೆ.

"ಇದೇನ ಮಾಡೀದಿ?"

"ದೇವರ ಹೆಸರಿಲ್ದ ಆಸ್ತಿ ಕಾಗದ ಎಲ್ಲ್ಯಾರ ಇರ್ತಾವೇನ? ಅಪ್ಪ ಕಿರಾಣಿ ಚೀಟಿಗೂ ಮ್ಯಾಲ ಶ್ರೀ ಹಾಕತಿದ್ದ," ಎಂದ ಅಣ್ಣ. ಒಂದೇ ಬೆರಳಿನಿಂದ, ಒಂದೊಂದಾಗಿ, ಹದಿನೈದು ದಿನ ಕೂತು ಬರೆದಿದ್ದನಂತೆ.

"ಮತ್ತ ಫೋಲ್ಡರ್ ಯಾಕ ಖಾಲಿ ಮಾಡೀದಿ?"

ಅಣ್ಣ ಕೆಮ್ಮಿದ. ಕೈ ತನ್ನಷ್ಟಕ್ಕೆ ಉಡದಾರಕ್ಕೆ ಹೋಯಿತು. ಅಲ್ಲೀಗ ಇದ್ದದ್ದು ಹಾಸಿಗೆಯ ಟ್ರಂಕಿನ ಕೀಲಿಕೈ. "ನೀ ಐದು ಕಡೆ ಹಂಚಿ ಇಟ್ಟಿದ್ದಿ. ನೋಡಿದಾಗೊಮ್ಮೆ ವಾಟ್ನಿ ಆದಂಗ ಕಾಣತಿತ್ತು. ಅವ್ವ ಇರೂತನ ಎಲ್ಲಾ ಒಂದ ಕಡೆ ಇರ್ಲಿ ಅಂತ ಕೂಡಿಸಿದೆ."

ಆಸ್ತಿಗಳನ್ನು ಬೇರೆ ಬೇರೆ ಇಟ್ಟರೆ ಮನೆ ಪಾಲಾದಂತೆ ಕಾಣಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆದರೆ ಹೊರಗೆ ಗುದ್ದಲಿ ಕಾಯುತ್ತಿತ್ತು.

ಅಣ್ಣ ನನ್ನ ಹೆಸರುಗಳನ್ನು ಅಳಿಸಿರಲಿಲ್ಲ, ಅವುಗಳ ಸುರುವಿಗೆ ದೇವರ ಹೆಸರು ಸೇರಿಸಿದ್ದ ಅಷ್ಟೇ, ಉದ್ದವಾಗಿ ಹಿಂದಿನದು ಮೊಬೈಲಿನಲ್ಲಿ ಕಾಣುತ್ತಿರಲಿಲ್ಲ. ಗಡಿಬಿಡಿಯಲ್ಲಿ ‘ಖರೀದಿ’ ಎಂದಷ್ಟೇ ಹುಡುಕಿದೆ. ಐದೂ ಆಸ್ತಿಯ ಖರೀದಿ ಪತ್ರ ಬಂದವು. ಒಂದೊಂದನ್ನೇ ತೆರೆದೆ, ಮೊದಲನೆಯದು ಪ್ಲಾಟು, ಎರಡನೆಯದು ಹೊಲ, ಮೂರನೆಯದು ಮಳಿಗೆ, ನಾಲ್ಕನೆಯದು ಈ ಮನೆ. ಮೂರನೇ ಪುಟದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಹೊರಗೆ ಬಂದು ಗಟ್ಟಿಯಾಗಿ ಓದಿದೆ. ಪೂರ್ವಕ್ಕೆ ಸರಕಾರಿ ರಸ್ತೆ. ದಕ್ಷಿಣಕ್ಕೆ ಮಠದ ಜಾಗ. ಪಶ್ಚಿಮಕ್ಕೆ ಖುಲ್ಲಾ ಬಯಲು. ಉತ್ತರಕ್ಕೆ...

ಉತ್ತರಕ್ಕೆ ಅಣ್ಣನ ಹೆಬ್ಬೆರಳು.

ಉಗುರಿನ ಕೆಳಗಿನ ಎರಿ ಮಣ್ಣೂ ಸ್ಪಷ್ಟವಾಗಿ ಬಿದ್ದಿತ್ತು. ಬಾಜು ಮನೆಯವನು ಇಣುಕಿ ನೋಡಿ, "ನಿಮ್ಮ ಉತ್ತರಕ್ಕ ಬಟ್ಟು ಐತಲ್ರಿ, ಓಣಿ ಎಲ್ಲೈತಿ?" ಎಂದ. ಗೌಂಡಿ ನಕ್ಕ. ಅಣ್ಣ ಆ ಹೆಬ್ಬೆರಳನ್ನು ಧೋತರದಲ್ಲಿ ಅಡಗಿಸಿದ. ನಾನು ಸ್ಕ್ಯಾನ್ ಮಾಡಿದ ಮೇಲೆ ಒಂದು ಪುಟವನ್ನಾದರೂ ತಿರುಗಿ ನೋಡಿರಲಿಲ್ಲ. ಮಕ್ಕಳಿಗೆ ದಿನಾ ಹೇಳುತ್ತೇನೆ, ಲೆಕ್ಕ ಬಿಡಿಸಿದ ಮೇಲೆ ತಾಳೆ ನೋಡಿರಿ ಎಂದು.

ಅವ್ವ ಕಾಲು ತೆಗೆಯದೆ ಹೇಳಿದಳು: "ಹೋಳಗಿ ಹುಡುಕ."

‘ಹೋಳಗಿ’ ಎಂದು ಒತ್ತಿದೆ. ನೂರಾರು ಕಾಗದಗಳಲ್ಲಿ ಒಂದೇ ಒಂದು ಬಂತು. ಇದೇ ಓಣಿ. ಅವ್ವ ಇದೇ ಹೊಸ್ತಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದಾಳೆ, ತಲೆ ತುಂಬ ಕರಿ ಕೂದಲು. ಓಣಿಯಾಚೆ, ತಮ್ಮ ಗೋಡೆಗೆ ಒರಗಿ, ಬಾಜು ಮನೆಯ ಕಾಕಾ. ಗೋಡೆಯ ಬುಡದಲ್ಲಿ ಜಾಗದ ಗಡಿ ತೋರಿಸುವ ಹದ್ದಿನ ಕಲ್ಲು, ಅದರ ಮೇಲೆ ಅವರ ತುಪ್ಪದ ಬಟ್ಟಲು. ಬಾಯಿ ತುಂಬ ಹೋಳಿಗೆ ಇದ್ದದ್ದರಿಂದ ಗಲ್ಲ ಉಬ್ಬಿದೆ. ಇಬ್ಬರ ನಡುವೆ ಮೂರು ಫೂಟು ಖಾಲಿ ನೆಲ.

ಬಾಜು ಮನೆಯವನು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡ. ಕಲ್ಲನ್ನು ನೋಡುತ್ತಾನೆ ಅಂದುಕೊಂಡೆ. ಅವನು ಎರಡು ಬೆರಳಿನಿಂದ ಆ ಉಬ್ಬಿದ ಗಲ್ಲವನ್ನು ದೊಡ್ಡದು ಮಾಡಿಕೊಂಡ.

"ಅಪ್ಪಂದು ನಮ್ಮ ಹಂತ್ಯಾಕ ಒಂದೂ ಫೋಟೊ ಇಲ್ರಿ," ಎಂದ. "ಆಧಾರ ಕಾರ್ಡಿಂದೊಂದ ಐತಿ. ಅದ್ರಾಗ ಅಪ್ಪ ಸಿಟ್ಟಿಗೆದ್ದಂಗ ಕಾಣತಾನ."

ಅವ್ವ ಅಂದಳು, "ಏಳು ಹೋಳಗಿ ತಿಂದಿದ್ದ ಅವತ್ತ. ಎಂಟನೇದು ನಿನಗ ಅಂತ ಕಟಗೊಂಡು ಹೋದ."

ಅವನು ತಲೆ ತಗ್ಗಿಸಿ ಗೌಂಡಿಗೆ ಹೇಳಿದ, "ಇವತ್ತ ಬ್ಯಾಡ. ನಾಳೆ ಅಸಲು ಕಾಗದ ನೋಡಿ ಗೆರಿ ಹೊಡಿಯೂಣು."

ಮರುದಿನ ಲಾಕರು ತೆರೆಸಿದೆವು. ಬೆರಳಿನ ಕೆಳಗೆ ಇದ್ದದ್ದು ಇಷ್ಟು: ಉತ್ತರಕ್ಕೆ ಮೂರು ಫೂಟು ಓಣಿ ಬಿಟ್ಟು ಬಾಜು ಮನೆ. ಕುಳ್ಳು ಸರಿಸಿ ನೋಡಿದಾಗ ಕಲ್ಲೂ ಅಲ್ಲೇ ಇತ್ತು. ಅವನೇ ನಿಂತು ಸುಣ್ಣದ ಗೆರೆಯನ್ನು ಕಲ್ಲಿನಾಚೆ ಹಾಕಿಸಿದ. ನಾನು ಆ ಪುಟವನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಈ ಸಲ ಕಾಗದದ ನಾಲ್ಕು ಮೂಲೆಗೂ ಬ್ಯಾಂಕಿನವರ ಪೇಪರ್‌ವೇಟು ಇಟ್ಟು, ಅಣ್ಣನನ್ನು ದೂರದ ಕುರ್ಚಿಯಲ್ಲಿ ಕೂರಿಸಿದ್ದೆ.

ಐದು ಫೋಲ್ಡರು ತಿರುಗಿ ಬಂದಿವೆ. ಆದರೆ ಐದೂ ಈಗ ‘ಮನೆತನ’ ಎಂಬ ದೊಡ್ಡ ಫೋಲ್ಡರಿನ ಒಳಗಿವೆ. ಅಣ್ಣನಿಗೆ ಅದು ಐದು ಖೋಲಿಯ ಒಂದು ಮನೆಯಂತೆ ಕಾಣುತ್ತದಂತೆ. ಶ್ರೀ ಆ ದೊಡ್ಡ ಫೋಲ್ಡರಿನ ಮೇಲೆ ಒಂದೇ ಸಲ ಇದ್ದರೆ ಸಾಕು ಎಂದು ಮಾತಾಯಿತು. ತಿದ್ದುವ ಹಕ್ಕನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ.

ಬಾಜು ಮನೆಯ ಪಾಯಾ ಪೂಜೆಯ ದಿನ ಅವನು ಮುಂದಿನ ಬಾಗಿಲು ಬಿಟ್ಟು ಓಣಿಯಿಂದಲೇ ಬಂದ, ಕೈಯಲ್ಲಿ ಮುಚ್ಚಿದ ತಾಟು. ಅವ್ವ ಹೊಸ್ತಿಲ ಮೇಲೆ ಕೂತಲ್ಲೇ ತೆಗೆದುಕೊಂಡಳು. ತಾಟಿನಲ್ಲಿ ಎಂಟು ಹೋಳಿಗೆ ಇದ್ದವು. ನಾನು ಫೋಟೊ ತೆಗೆದೆ. ಹೆಸರು ಏನೆಂದು ಅವ್ವ ಹೇಳಿದಳು, ನಾನು ತಕರಾರಿಲ್ಲದೆ ಬರೆದೆ: ‘ಮೊರಬ-ಮನೆ ಬಾಜು ಮನಿ ಕಾಕಾನ ಮಗ ಹೋಳಗಿ ಕೊಡೂದು’. ಕೊನೆಗೆ ತಾರೀಖು ಹಾಕಿದೆ, ವರ್ಷ ಮೊದಲು. ಅಣ್ಣ ಹೊಲದಿಂದ ಇನ್ನೂ ಬಂದಿರಲಿಲ್ಲ, ಹೇಳುವವರು ಯಾರೂ ಇರಲಿಲ್ಲ. ಆದರೂ ಸುರುವಿಗೆ ಒಂದು ಶ್ರೀ ಹಾಕಿದೆ.