ಚಕ್ರ ನಿಂತಾಗಿನ ದುಡ್ಡು

ನಮ್ಮ ಹೊಸಕೋಟೆ ಸ್ಟ್ಯಾಂಡಿನಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಚಿನ್ನಸ್ವಾಮಿಯ ಆಟೋ ಬಂದು ನಿಂತರೆ ಸಾಕು, ಟೀ ಲೋಟ ಹಿಡಿದವನೊಬ್ಬ ಶುರುಮಾಡುತ್ತಾನೆ: ತಲೆಮೇಲೆ ಸಾಲ ಇಟ್ಟುಕೊಂಡು ಪೋಸ್ಟಾಫೀಸಿನಲ್ಲಿ ದುಡ್ಡು ಮಡಗುವವನು ಇವನೊಬ್ಬನೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಇನ್ನೊಬ್ಬ ಒಗ್ಗರಣೆ ಹಾಕುತ್ತಾನೆ. ತಿಂಗಳ ಸಂಬಳದವರು ಆಡುವ ಮಾತು ಅದು. ನಮ್ಮ ಹಾಸಿಗೆ ದಿನಕ್ಕೊಂದು ಉದ್ದ. ಮದುವೆಯ ತಿಂಗಳಲ್ಲಿ ಮೈಚಾಚಿ ಹೊರಳಾಡಬಹುದು, ಆಷಾಢದಲ್ಲಿ ಮೊಣಕಾಲು ಮಡಚಿದರೂ ಪಾದ ಹೊರಗೆ. ನಾನೂ ಅದೇ ಸ್ಟ್ಯಾಂಡಿನವನು. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಚಿನ್ನಸ್ವಾಮಿಗೆ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದು ಬಂದದ್ದು. ಹೋದ ವರ್ಷ ಮದುವೆಗಳ ಕಾಲದಲ್ಲಿ ಒಳ್ಳೆಯ ಬಾಡಿಗೆ ಸಿಕ್ಕಿತ್ತು. ಕೈಯಲ್ಲಿದ್ದ ಇಪ್ಪತ್ತನಾಲ್ಕು ಸಾವಿರವನ್ನೂ ಗಾಡಿ ಸಾಲದ ಆಫೀಸಿಗೆ ಕೊಂಡೊಯ್ದು ಸುರಿದು, ಇನ್ನು ಮೂರು ತಿಂಗಳು ಕಂತಿನ ಚಿಂತೆಯಿಲ್ಲ ಎಂದು ಮೀಸೆ ತಿರುವುತ್ತ ಬಂದ. ನಮ್ಮಲ್ಲಿ ಬಹಳ ಜನ ಹಾಗೆಯೇ ತಿಳಿದುಕೊಂಡಿದ್ದಾರೆ. ಆದರೆ ಅವನು ಸಹಿ ಹಾಕಿದ ಕಾಗದದ ಪ್ರಕಾರ ಆ ದುಡ್ಡು ಅಸಲಿಗೆ ಹೋಗಿತ್ತು. ಸಾಲ ಕಡಿಮೆಯಾಯಿತು, ಬಡ್ಡಿಯೂ ಇಳಿಯಿತು, ಮುಂದಿನ ತಿಂಗಳ ಕಂತು ಮಾತ್ರ ಇದ್ದಲ್ಲೇ ಇತ್ತು. ಐದನೇ ತಾರೀಕು ಸಾಲದ ಆಫೀಸಿನವರು ಅವನ ಬ್ಯಾಂಕಿಗೆ ಕಂತು ಕೇಳಿದರು, ಖಾತೆಯಲ್ಲಿ ಏನೂ ಇರಲಿಲ್ಲ, ಬೌನ್ಸ್ ಆಯಿತು. ದಂಡ ಬೇರೆ.

ಅದೇ ವಾರ ಕ್ಲಚ್ಚೂ ಕೈಕೊಟ್ಟಿತು. ಅವನು ಬಡ್ಡಿ ಪಾಪಯ್ಯನ ಮನೆ ಮೆಟ್ಟಿಲು ಹತ್ತಿದ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಗಾಡಿ ಸಾಲದ ಬಡ್ಡಿ ತಿಂಗಳಿಗೆ ಒಂದೂವರೆ ರೂಪಾಯಿ. ಒಂದೂವರೆಯದನ್ನು ಬೇಗ ತೀರಿಸುವ ಆತುರದಲ್ಲಿ ಐದರದ್ದನ್ನು ಮನೆಗೆ ಕರೆದುಕೊಂಡು ಬಂದ ಹಾಗಾಯಿತು.

ಪಾಪಯ್ಯನನ್ನು ತೀರಿಸುವಷ್ಟರಲ್ಲಿ ಚಿನ್ನಸ್ವಾಮಿಯ ಕೆನ್ನೆ ಒಳಕ್ಕೆ ಹೋಯಿತು. ಗಾಡಿಯ ಕಂತನ್ನು ಅದರ ಪಾಡಿಗೆ ಕಟ್ಟುತ್ತ, ಉಳಿದದ್ದನ್ನೆಲ್ಲ ಮೊದಲು ಪಾಪಯ್ಯನಿಗೆ ಹಾಕಿದ. ಅದು ಮುಗಿದ ಮರುದಿನವೇ ಹೆಂಡತಿ ಮುನಿರತ್ನಮ್ಮನ ಹೆಸರಿನಲ್ಲಿ ಪೋಸ್ಟಾಫೀಸಿನಲ್ಲಿ ಖಾತೆ ತೆರೆದ. ಕಂತು ಕೀಳುವ ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ, ಫೋನಿಗೂ ಜೋಡಿಸಲಿಲ್ಲ. ಪಿಲ್ಲಗುಂಪೆ ಫ್ಯಾಕ್ಟರಿಯವರನ್ನು ಶಿಫ್ಟಿಗೆ ಬಿಟ್ಟು ಬಂದ ಒಳ್ಳೆಯ ದಿನ ಇನ್ನೂರು ಎತ್ತಿಡುತ್ತಿದ್ದ, ಕೆಟ್ಟ ದಿನ ಇಪ್ಪತ್ತು. ಅದಕ್ಕೆ ಅವನಿಟ್ಟ ಹೆಸರು ಚಕ್ರ ನಿಂತಾಗಿನ ದುಡ್ಡು.

ಈ ವರ್ಷ ಮುನಿರತ್ನಮ್ಮನಿಗೆ ಚೀಟಿ ಎದ್ದಿತು. ಪೋಸ್ಟಾಫೀಸಿನದೂ ಸೇರಿ ನಲವತ್ತು ಸಾವಿರವಾಯಿತು. ಗಾಡಿ ಸಾಲ ಇನ್ನೂ ತೊಂಬತ್ತು ಸಾವಿರ ಇತ್ತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾನುವಾರ ಬೆಳಿಗ್ಗೆ ಅವಳ ತಮ್ಮ ಅಶೋಕ್ ಬಂದ. ಪಿಲ್ಲಗುಂಪೆಯಲ್ಲಿ ಕಾಯಂ ಕೆಲಸ ಅವನಿಗೆ. ಭಾವನ ಗಾಡಿ ಸಾಲಕ್ಕೆ ಜಾಮೀನು ಹಾಕಿದವನೂ ಅವನೇ. ಈಗ ಅವನು ಮನೆ ಕಟ್ಟಲು ಬ್ಯಾಂಕಿಗೆ ಅರ್ಜಿ ಹಾಕಿದ್ದ. ನಾನು ಚಿನ್ನಸ್ವಾಮಿಯ ಗಾಡಿಯ ಮುಂಚಕ್ರಕ್ಕೆ ಟೈರು ಕೊಡಲು ಹೋದವನು ಜಗಲಿಯ ಮೇಲೆ ಸಿಕ್ಕಿಹಾಕಿಕೊಂಡೆ.

"ಭಾವ, ಅಷ್ಟನ್ನೂ ಸಾಲಕ್ಕೆ ಕಟ್ಬಿಡಿ," ಎಂದ ಅಶೋಕ್. "ಹೋದ್ಸಲ ನಿಮ್ಮ ಕಂತು ಬೌನ್ಸ್ ಆಗಿದ್ದು ನನ್ನ ಹೆಸರಲ್ಲೂ ತೋರಿಸ್ತೈತೆ. ಬ್ಯಾಂಕಲ್ಲಿ ತಲೆ ತಗ್ಗಿಸ್ಕೊಂಡು ಕೂತಿದ್ದೆ."

"ನಲವತ್ತು ಕಟ್ಟಿದ್ರೆ ನಿನ್ನ ಜಾಮೀನು ಬಿಟ್ಬಿಡ್ತಾರಾ?"

ಅಶೋಕ್ ಲೋಟ ಕೆಳಗಿಟ್ಟ. "ಪೂರ್ತಿ ತೀರೋವರೆಗೂ ಬಿಡಲ್ಲ. ಆದ್ರೂ ಸಾಲ ಇಳೀತದಲ್ಲ."

"ಇಳೀತದೆ. ಐದನೇ ತಾರೀಕಿಗೆ ಕಂತು ಇಳಿಯಲ್ಲ ಕಣೋ. ಗಾಡಿ ನಿಂತ್ರೆ ಎಲ್ಲಿಂದ ಕಟ್ಲಿ?"

"ದುಡ್ಡು ಸುಮ್ನೆ ಇಟ್ರೆ ಬಡ್ಡಿ ದಂಡ ಅಲ್ವಾ? ಲೆಕ್ಕ ಹಾಕಿ ನೋಡಿ."

"ಹಾಕಿದೀನಿ. ನಲವತ್ತಕ್ಕೆ ತಿಂಗಳಿಗೆ ಆರ್ನೂರು. ಪೋಸ್ಟಾಫೀಸಿನವರು ಕೊಡೋದು ನೂರು ಚಿಲ್ಲರೆ. ಐನೂರರ ಹತ್ರ ಕಳ್ಕೋತೀನಿ, ಗೊತ್ತೈತೆ. ಆದ್ರೆ ಇಪ್ಪತ್ತು ಸಾವಿರಕ್ಕೆ ಪಾಪಯ್ಯನ ಹತ್ರ ಹೋದ್ರೆ ತಿಂಗಳಿಗೆ ಸಾವಿರ. ಅದೂ ಅವನ ಜಗಲೀಲಿ ಕೈಕಟ್ಟಿ ನಿಂತು."

ಅಶೋಕ್ ಅಕ್ಕನ ಕಡೆ ತಿರುಗಿದ. "ನೀನಾದ್ರೂ ಹೇಳಕ್ಕ. ಸಾಲಗಾರ ಅನ್ನಿಸ್ಕೊಂಡು ದುಡ್ಡು ಬಚ್ಚಿಟ್ಟವ್ನೆ ಅಂತ ಊರೆಲ್ಲ ಆಡ್ಕೋತಾರೆ."

ಮುನಿರತ್ನಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೋದ್ಸಲ ಅಷ್ಟೂ ಕಟ್ಟಿ ಬಂದಾಗ ಊರೋರು ಹೊಗಳಿದ್ರು. ನನ್ನ ಓಲೆ ಅಡ ಇಡೋವಾಗ ಒಬ್ರೂ ಜೊತೇಲಿ ಬರಲಿಲ್ಲ. ಆಡ್ಕೊಳ್ಳಿ ಬಿಡು."

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ಅಶೋಕನ ಸಂಕಟವೂ ಸುಳ್ಳಲ್ಲ. ಅವನ ಮನೆಯ ಪಾಯ ಇವನ ಆಟೋದ ಚಕ್ರದ ಮೇಲೆ ನಿಂತಿತ್ತು.

ಕೊನೆಗೆ ಚಿನ್ನಸ್ವಾಮಿ ಎದ್ದು ನಿಂತ. "ಎರಡು ಕಂತು, ಒಂದು ದೊಡ್ಡ ರಿಪೇರಿ, ಮನೆ ರೇಷನ್ನು. ಮೂವತ್ತು ಸಾವಿರ. ಅದನ್ನ ಯಾರು ಕೇಳಿದ್ರೂ ಮುಟ್ಟಲ್ಲ. ಮಿಕ್ಕ ಹತ್ತು ನಾಳೇನೆ ಅಸಲಿಗೆ ಕಟ್ತೀನಿ. ಇನ್ಮೇಲೂ ಅಷ್ಟೇ, ಮೂವತ್ತು ದಾಟಿದ್ದು ಸಾಲಕ್ಕೆ, ಮೂವತ್ತರೊಳಗಿನದು ಗಾಡಿಗೆ."

ಅಶೋಕ್ ಊಟ ಮಾಡದೆ ಎದ್ದುಹೋದ. ಮುನಿರತ್ನಮ್ಮ ಬಾಗಿಲವರೆಗೆ ಹೋಗಿ ಕರೆದಳು, ಅವನು ತಿರುಗಿ ನೋಡಲಿಲ್ಲ. ಅವತ್ತು ಆ ಮನೆಯಲ್ಲಿ ಅವರೆಕಾಳು ಸಾರು ಹಾಗೇ ಉಳಿಯಿತು.

ಆಷಾಢ ಬಂತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಚಿನ್ನಸ್ವಾಮಿ ಬಿಟ್ಟುಬರುತ್ತಿದ್ದ ಫ್ಯಾಕ್ಟರಿಯವರು ಒಂದು ಶಿಫ್ಟು ನಿಲ್ಲಿಸಿದರು. ಇದೆಲ್ಲ ಸಾಲದೆಂಬಂತೆ, ಸರ್ವಿಸ್ ರಸ್ತೆಯಲ್ಲಿ ಅವನ ಗೇರ್‌ಬಾಕ್ಸ್ ಪುಡಿಯಾಯಿತು. ನಾನೇ ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆದುಕೊಂಡು ಹೋದೆ. ಬಿಡಿಭಾಗ ಬರುವುದು ತಡ, ಎರಡು ವಾರ ಗಾಡಿ ಏಳುವುದಿಲ್ಲ ಎಂದ ಮೇಸ್ತ್ರಿ ಉಮಾಶಂಕರ್. ನಡುವೆಯೇ ಐದನೇ ತಾರೀಕು ಬರುತ್ತಿತ್ತು. ಅಶೋಕನ ಮನೆ ಸಾಲದ ಕಾಗದಗಳನ್ನು ಬ್ಯಾಂಕಿನವರು ನೋಡುತ್ತಿದ್ದುದೂ ಆಗಲೇ.

ಆರನೇ ತಾರೀಕು ನಾನೂ ಗ್ಯಾರೇಜಿನಲ್ಲಿದ್ದಾಗ ಅಶೋಕ್ ಓಡಿಬಂದ. ಮುಖ ಬಿಳಿಚಿಕೊಂಡಿತ್ತು.

"ಭಾವ, ಗಾಡಿ ನಿಂತೈತೆ ಅಂತ ಈಗ ಗೊತ್ತಾಯ್ತು. ಕಂತು..."

"ನಿನ್ನೆ ಹೋಯ್ತು," ಎಂದು ಚಿನ್ನಸ್ವಾಮಿ ಫೋನಿನ ಮೆಸೇಜು ತೋರಿಸಿದ. "ಎರಡನೇ ತಾರೀಕೇ ಪೋಸ್ಟಾಫೀಸಿಂದ ತೆಗೆದು ಬ್ಯಾಂಕಿಗೆ ಹಾಕಿದ್ದೆ."

ಅಶೋಕ್ ಆ ಮೆಸೇಜನ್ನು ಮತ್ತೆ ಮತ್ತೆ ಓದಿದ. ಆಮೇಲೆ ಹಳೆಯ ಟೈರಿನ ಮೇಲೆ ಕುಕ್ಕರಿಸಿದ. ಅಷ್ಟರಲ್ಲಿ ಗ್ಯಾರೇಜಿನ ಮುಂದೆ ಒಂದು ಮೊಪೆಡ್ ನಿಂತಿತು. ಪಾಪಯ್ಯ. ಹೆಣ ಬೀಳುವ ಮೊದಲೇ ಹದ್ದಿಗೆ ಗೊತ್ತಾಗುತ್ತದಂತೆ. ಬಿಳಿ ಅಂಗಿಯ ಜೇಬು ಉಬ್ಬಿತ್ತು, ಮುಖದ ತುಂಬ ಕರುಣೆ.

"ಏನಪ್ಪಾ ಚಿನ್ನಸ್ವಾಮಿ, ಗಾಡಿ ಮಲಗ್ಬಿಡ್ತಂತೆ. ಹೊಟ್ಟೆ ಉರೀತು ಕಣಪ್ಪ. ಎಷ್ಟು ಬೇಕು ಹೇಳು, ಸಂಕೋಚ ಬೇಡ."

ಹೋದ ವರ್ಷ ಈ ದನಿ ಕೇಳಿ ಚಿನ್ನಸ್ವಾಮಿ ತಲೆ ತಗ್ಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಈ ಸಲ ಅವನು ಗ್ರೀಸ್ ಕೈಯನ್ನು ಬಟ್ಟೆಗೆ ನಿಧಾನವಾಗಿ ಒರೆಸಿಕೊಂಡ. ಒಳಜೇಬಿನಿಂದ ರಿಪೇರಿಯ ಒಂಬತ್ತು ಸಾವಿರ ತೆಗೆದು, ಪಾಪಯ್ಯ ನೋಡುತ್ತಿರುವಂತೆಯೇ ಉಮಾಶಂಕರನ ಕೈಗಿಟ್ಟ. ಆಮೇಲೆ ಎದುರಿನ ಅಂಗಡಿಯ ಕಡೆ ತಿರುಗಿ ಐದು ಟೀ ಹೇಳಿದ.

"ಕೂತ್ಕೊಳ್ಳಿ ಪಾಪಯ್ಯನವರೇ, ಟೀ ಕುಡಿದು ಹೋಗಿ," ಎಂದ. "ದುಡ್ಡು ನಾನೇ ಕೊಡ್ತೀನಿ."

ಪಾಪಯ್ಯ ಮೊಪೆಡ್ಡಿನಿಂದ ಇಳಿಯಲೇ ಇಲ್ಲ. ಅವನ ಪಾಲಿನ ಟೀಯನ್ನೂ ಅಶೋಕನೇ ಕುಡಿದ.