ಬಾಸ್‌ನ ಕೂದಲು ಮತ್ತು ಹಸಿರು ಪರದೆ

ನಾನು ಹಗೆ ಮರೆಯುವ ಜಾತಿಯವಳಲ್ಲ. ಕ್ಷಮಿಸಿಬಿಡು, ದೊಡ್ಡವಳಾಗು ಅಂತ ಅವ್ವ ಫೋನಿನಲ್ಲಿ ಎಷ್ಟು ಸಲ ಹೇಳಿದ್ದಾಳೋ. ಆಗಲಿಲ್ಲ.

ಸಂಜಯನಗರದಲ್ಲಿ ಒಂದು ಮಹಡಿ ಮೇಲಿನ ಸ್ಟುಡಿಯೋ ನಮ್ಮದು. ಗೋಡೆ ತುಂಬ ಹಸಿರು ಬಟ್ಟೆ, ಎದುರಿಗೆ ಕ್ಯಾಮೆರಾ. ಜನರನ್ನು ಅಲ್ಲಿ ಕೂರಿಸಿ ವಿಡಿಯೋ ತೆಗೆದರೆ, ಹಿಂದಿನ ಹಸಿರನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕಿ ಬೇರೆ ಹಿನ್ನೆಲೆ ಹಾಕುವುದು ನನ್ನ ಕೆಲಸ. ಕ್ಯಾಮೆರಾ ಹಿಡಿಯುವವರು, ಸಂಬಳ ಕೊಡುವವರು ಬಾಸ್ ಒಬ್ಬರೇ.

ಯಲಹಂಕದ ಬಿಲ್ಡರ್ ಒಬ್ಬರು ತಮ್ಮ ಹೊಸ ಲೇಔಟಿನ ಜಾಹೀರಾತಿಗೆ ತಾಯಿಯನ್ನು ಕರೆತಂದಿದ್ದರು. ಆ ಜಾಗದಲ್ಲೇ ರಾಗಿ ಬಿತ್ತಿದ್ದ ಅಜ್ಜಿ. ತಲೆ ತುಂಬ ಬೆಳ್ಳಗಿನ ಗುಂಗುರು ಕೂದಲು. ಬಾಸ್ ಅವರನ್ನು ಬಟ್ಟೆಗೆ ಒರಗುವಷ್ಟು ಹತ್ತಿರ ಕೂರಿಸಿದರು.

"ಸಾರ್, ಆರಡಿಯಾದ್ರೂ ಮುಂದೆ ಕೂರಿಸಿ. ಬಟ್ಟೆಯ ಹಸಿರು ಬೆಳಕು ಕೂದ್ಲಿಗೆ ಹೊಡೀತಿದೆ," ಅಂದೆ.

"ಮುಂದೆ ಬಂದ್ರೆ ನಾನು ಕ್ಯಾಮೆರಾ ಎಲ್ಲಿಡ್ಲಿ, ಬೀದಿಲಾ? ಎಡಿಟಲ್ಲಿ ನೋಡ್ಕೋ."

ನೋಡಿಕೊಳ್ಳಲು ಕೊಟ್ಟದ್ದು ಅರ್ಧ ಗಂಟೆ. ತೆಗೆಯಬೇಕಾದ ಹಸಿರಿನ ವ್ಯಾಪ್ತಿ ಹಿಗ್ಗಿಸಿದರೆ ಕೂದಲಿನ ತುದಿ ಹಿನ್ನೆಲೆಯ ಜೊತೆಗೇ ಮಾಯ. ಕುಗ್ಗಿಸಿದರೆ ತಲೆಯ ಸುತ್ತ ಹಸಿರು ಅಂಚು. ಹಸಿರಂಶವನ್ನು ಜಾಸ್ತಿ ಇಳಿಸಿದರೆ ಬಿಳಿ ಕೂದಲು ನೇರಳೆ. ಆದಷ್ಟು ಮಾಡಿ ಅಜ್ಜಿಗೂ ಬಿಲ್ಡರಿಗೂ ತೋರಿಸಿದೆ.

ಅಜ್ಜಿ ಕಂಪ್ಯೂಟರ್ ಪರದೆ ನೋಡಿ, "ಇದ್ಯಾಕಪ್ಪ ಇಂಗಾಗದೆ? ತಲೆಗೆ ಪಾಚಿ ಕಟ್ದಂಗೆ," ಅಂದರು.

ಬಾಸ್ ನಕ್ಕರು. "ಹುಡುಗಿಗೆ ಇನ್ನೂ ಕೆಲ್ಸ ಬರಲ್ಲ, ಅಮ್ಮ. ಧಾರವಾಡದಿಂದ ಮೊನ್ನೆ ಬಂದಿದಾಳೆ. ಕೇಳಿದ್ರೆ ಕೂರಿಸಿದ್ದು ಸರಿಯಿಲ್ಲ ಅಂತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಒಂದು ಚೂರು ಹಸಿರು ಕಂಡ್ರೂ ನೀನು ಊರಿಗೆ," ಅಂದರು. ನಾಲ್ಕು ವರ್ಷವಾಗಿತ್ತು ನಾನು ಬಂದು. ಕೆಲಸ ಬೇಕಿತ್ತು, ಆ ಮಾತನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಮುಂದಿನ ತಿಂಗಳು ಅದೇ ಬಿಲ್ಡರಿನ ಎರಡನೇ ಜಾಹೀರಾತು. ಅದರಲ್ಲಿ ಮಾತಾಡಬೇಕಿದ್ದವನು ಕೈಕೊಟ್ಟ. "ನಾನೇ ನಿಲ್ತೀನಿ, ನಂಗೇನ್ ಕಮ್ಮಿ?" ಎಂದು ಬಾಸ್ ಕನ್ನಡಿ ಮುಂದೆ ನಿಂತರು. ಅವರ ನೆತ್ತಿಯ ಮೇಲೆ ಉಳಿದಿರುವುದು ತೆಳುವಾದ ಒಂದು ಪದರ. ಅದಕ್ಕೆ ಸ್ಪ್ರೇ ಹೊಡೆದು, ಉಬ್ಬಿಸಿ, ಮೂರು ಬೆರಳೆತ್ತರ ನಿಲ್ಲಿಸುತ್ತಾರೆ. ಬೆಳಕು ಆರಪಾರ ಹಾಯುತ್ತದೆ. ಹೋಗಿ ನಿಂತದ್ದು ಎಲ್ಲಿ? ಬಟ್ಟೆಗೆ ಒರಗಿಕೊಂಡೇ. ಕ್ಯಾಮೆರಾ ಹಿಂದೆ ನಿಂತ ನಾನು ಈ ಸಲ ಆರಡಿ ಗೀರಡಿ ಏನೂ ಅನ್ನಲಿಲ್ಲ.

ಎರಡು ದಿನ ಕೂತು ಎರಡು ಪ್ರತಿ ಮಾಡಿದೆ. ಮೊದಲನೆಯದರಲ್ಲಿ ಅವರ ಆಜ್ಞೆಯನ್ನು ಅಕ್ಷರಶಃ ಪಾಲಿಸಿದೆ. ಹಸಿರಿನ ವ್ಯಾಪ್ತಿ ಹಿಗ್ಗಿಸಿ, ಅಂಚನ್ನು ಒಳಕ್ಕೆ ಎಳೆದೆ. ಚೂರೂ ಹಸಿರಿಲ್ಲ. ಉಬ್ಬಿಸಿದ ಕೂದಲೂ ಇಲ್ಲ. ಎರಡನೆಯದರಲ್ಲಿ ಮೈಯನ್ನು ಬೇರೆ, ಕೂದಲನ್ನು ಮೆತ್ತಗಿನ ಅಂಚಿನಿಂದ ಬೇರೆ ಕತ್ತರಿಸಿ, ಕೂದಲಿನ ಬಣ್ಣದಲ್ಲಿ ಹಸಿರಿನ ಪಾಲು ಕೆಂಪು-ನೀಲಿಗಿಂತ ಹೆಚ್ಚಾಗದಂತೆ ಹಿಡಿದೆ. ಒಂದೊಂದು ಎಳೆಯೂ ಉಳಿಯಿತು.

ಬಿಲ್ಡರ್ ಬಂದರು, ಅಜ್ಜಿಯೂ ಬಂದರು. ನಾನು ಮೊದಲನೆಯದನ್ನು ಹಾಕಿದೆ.

ಬಾಸ್ ನೆತ್ತಿ ಮಡಕೆ ತಳದಂತೆ ನುಣ್ಣಗಿತ್ತು.

"ಅಯ್ಯೋ, ಇವ್ರ ಕೂದ್ಲು ಎಲ್ಲೋಯ್ತು?" ಅಂದರು ಅಜ್ಜಿ.

ಬಾಸ್ ಕೈ ತಾನಾಗಿ ತಲೆಗೆ ಹೋಯಿತು. "ಏನೇ ಇದು?"

"ಹಸಿರಾಗಿತ್ತು ಸಾರ್. ಚೂರೂ ಕಾಣ್ಬಾರ್ದು ಅಂದಿದ್ರಿ, ತೆಗ್ದೆ."

ಮೂಲ ಚಿತ್ರ ತೆರೆದೆ. ಅವರ ತಲೆ ಕೊತ್ತಂಬರಿ ಕಟ್ಟಿನಂತಿತ್ತು. "ಬಟ್ಟೆಗೆ ಒರಗಿ ನಿಂತ್ರೆ ಹೀಗೇ ಆಗೋದು. ಅಮ್ಮಂಗೆ ಆಗಿದ್ದೂ ಇದೇ. ಆವತ್ತು ನಂಗೆ ಸಿಕ್ಕಿದ್ದು ಅರ್ಧ ಗಂಟೆ," ಅಂದೆ. ಆಮೇಲೆ ಎರಡನೇ ಪ್ರತಿ ಹಾಕಿದೆ. ಬಾಸ್ ಕೂದಲೆಲ್ಲ ಕಪ್ಪಗೆ ವಾಪಸ್ ಬಂತು.

ಬಿಲ್ಡರ್ ಬಾಸ್ ಮುಖವನ್ನೇ ನೋಡಿದರು. "ಅಂದ್ರೆ ನೆಲ ಡೊಂಕಾಗೇ ಇತ್ತು ಅನ್ನಿ." ನನ್ನನ್ನು ಕೇಳಿದರು, "ನಮ್ಮಮ್ಮಂದು ಇಂಗೆ ಸರಿ ಮಾಡೋಕಾಗಲ್ವೇನಮ್ಮ?"

"ಬಿಳಿ ಕೂದ್ಲು, ಅಷ್ಟು ಹತ್ರ. ಪೂರ್ತಿ ಆಗಲ್ಲ ಸಾರ್. ಮತ್ತೆ ತೆಗೀಬೇಕು."

ಮಾಡಿದ್ದುಣ್ಣೋ ಮಹರಾಯ. ಮರುವಾರ ಅಜ್ಜಿಯ ಕುರ್ಚಿಯನ್ನು ಬಾಸೇ ಎತ್ತಿ ಮುಂದಿಟ್ಟರು. "ಸಾಕಾ?" ಅಂತ ನನ್ನನ್ನು ಕೇಳಿದರು. ಸಾಕಾಗಿತ್ತು. "ಇನ್ನೊಂಚೂರು ಸಾರ್," ಅಂದೆ. ಇನ್ನೊಂಚೂರು, ಇನ್ನೊಂಚೂರು ಅನ್ನುತ್ತಾ ಕ್ಯಾಮೆರಾ ಸಮೇತ ಅವರು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ಹೋಗಿ ನಿಂತರು. ಅಜ್ಜಿಯ ಕೂದಲು ಈ ಸಲ ಬೆಳ್ಳಗೇ ಬಂತು.

ತಪ್ಪಾಯ್ತು ಅಂತ ಬಾಸ್ ಇವತ್ತಿನವರೆಗೂ ಅಂದಿಲ್ಲ. ಊರಿಗೆ ಹೋಗು ಅಂತಲೂ ಅಂದಿಲ್ಲ. ಯಾರೂ ಇಲ್ಲದಾಗ ನನ್ನ ಮೇಜಿನ ಹತ್ತಿರ ಬಂದು, "ಆ ಮೊದಲನೇದು... ಅಳಿಸಿದ್ಯಾ?" ಎಂದು ಕೇಳುತ್ತಾರೆ.

"ಅಳಿಸ್ತೀನಿ ಸಾರ್," ಅನ್ನುತ್ತೇನೆ. ಮೂರು ಕಡೆ ಇಟ್ಟಿದ್ದೇನೆ.