ತೊದಲು ತೆಗೆದ ಮಾತು

ಬಸವಾಪಟ್ಟಣದ ಬಸ್ ನಿಲ್ದಾಣದ ಎದುರು ಪುಟ್ಟ ಸ್ಟುಡಿಯೊ ಇಟ್ಟುಕೊಂಡಿದ್ದ ತಿಮ್ಮೇಶನಿಗೆ ತೊದಲು ಮಾತು ಅಂದರೆ ಆಗುತ್ತಿರಲಿಲ್ಲ. ಹರೆಯದಲ್ಲಿ ಮೈಕ್ ಸೆಟ್ ಹೊತ್ತುಕೊಂಡು ಮದುವೆ, ಸಭೆ ಅಂತ ತಿರುಗಿದವನು. ಭಾಷಣ ಮಾಡುವವರು 'ಏನಪ್ಪಾ ಅಂದ್ರೆ, ಏನಪ್ಪಾ ಅಂದ್ರೆ' ಅಂತ ಎಳೆಯುವುದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ಊರ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಚ್ಚು ಹತ್ತಿತು.

ಹೊಸ ತಂತ್ರಾಂಶ ಕೈಗೆ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಡಿದ ಮಾತೆಲ್ಲ ಪರದೆಯ ಮೇಲೆ ಅಕ್ಷರವಾಗಿ ಬೀಳುತ್ತಿತ್ತು. ತಪ್ಪಿದ್ದಲ್ಲಿ ತಿದ್ದಿ, ಬೇಡದ ಪದ ಅಳಿಸಿದರೆ ಆಯಿತು, ಅಷ್ಟು ಧ್ವನಿಯೂ ಮಾಯ. ಬರೀ ಕತ್ತರಿಸಿದರೆ ಅಲ್ಲಿ ಧ್ವನಿ ಮುಗ್ಗರಿಸಿದ ಹಾಗೆ ಕೇಳುತ್ತದಲ್ಲ, ಅದಕ್ಕೇ ಯಂತ್ರ ಕತ್ತರಿಯ ಹಿಂದುಮುಂದಿನ ಒಂದೆರಡು ಪದಗಳನ್ನು ಅದೇ ಮನುಷ್ಯನ ದನಿಯಲ್ಲಿ, ಅದೇ ಉಸಿರಿನಲ್ಲಿ ಹೊಸದಾಗಿ ಹುಟ್ಟಿಸಿ ಬೆಸೆಯುತ್ತಿತ್ತು. ಎಲ್ಲಿ ಕತ್ತರಿ ಬಿತ್ತು ಅಂತ ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮೂಲದ ರೆಕಾರ್ಡಿಂಗನ್ನೂ ಅಳಿಸಿ ಹಾಕುವುದು ತಿಮ್ಮೇಶನ ಅಭ್ಯಾಸ. ಲ್ಯಾಪ್‌ಟಾಪಿನಲ್ಲಿ ಜಾಗ ಬೇಕಲ್ಲ!

ಅಡಿಕೆ ವ್ಯಾಪಾರಿ ಬಸವರಾಜಪ್ಪನವರ ಮಾತನ್ನೂ ಹಾಗೇ ನುಣ್ಣಗೆ ಮಾಡಿದ್ದ. ಅವರ ಮನೆಯ ಪಡಸಾಲೆಯಲ್ಲಿ ಇಬ್ಬರೇ ಕೂತು ಮಾಡಿದ ರೆಕಾರ್ಡಿಂಗ್ ಅದು. ಕೆಮ್ಮು, ತೊದಲು, ಆಡಿದ್ದನ್ನೇ ಆಡುವುದು ಎಲ್ಲ ತೆಗೆದು, ನಲವತ್ತು ನಿಮಿಷದ್ದನ್ನು ಇಪ್ಪತ್ತೈದಕ್ಕೆ ತಂದ. ಮೂರು ತಿಂಗಳಿಗೆ ಅವರು ತೀರಿಕೊಂಡರು.

ಮೂವತ್ತು ವರ್ಷ ಅವರ ಮನೆಯಲ್ಲಿ ಅಡುಗೆ ಮಾಡಿದ ದ್ಯಾಮಮ್ಮ ಅವರ ಹಿತ್ತಲಿನ ಜಾಗದಲ್ಲೇ ಎರಡು ಕೋಣೆ ಕಟ್ಟಿಕೊಂಡಿದ್ದಳು. ಕಾಗದಪತ್ರ ಏನೂ ಇಲ್ಲ. ಬಸವರಾಜಪ್ಪನವರ ಮಗ ಪ್ರಸನ್ನಕುಮಾರ್ ಜಾಗ ಬಿಡು ಅಂದ. ದ್ಯಾಮಮ್ಮ ಓಡುತ್ತಾ ತಿಮ್ಮೇಶನ ಬಳಿಗೆ ಬಂದಳು.

"ಧಣಿಗಳು ನಿನ್ ಫೋನ್ನಾಗೆ ಹೇಳ್ಯಾರಂತಲ್ಲಪ್ಪ. ಪಂಚಾಯ್ತಿ ಸೇರ್ತೈತಂತೆ. ಅಲ್ಲಿ ಬಂದು ಕೇಳ್ಸು."

ಹೇಳಿದ್ದು ನಿಜ. 'ಹಿತ್ತಲ ಜಾಗ ದ್ಯಾಮಮ್ಮಂಗೆ ಕೊಟ್ಟೀನಿ' ಅನ್ನುವುದು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಇತ್ತು. ತಿಮ್ಮೇಶ ಎದೆಯುಬ್ಬಿಸಿ ಹೊರಟ.

ದುರ್ಗಮ್ಮನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ತಿಮ್ಮೇಶ ಫೋನಿನಲ್ಲಿ ಆ ಮಾತು ಹಾಕಿದ. ಮುದುಕರು ತಲೆದೂಗಿದರು. ಪ್ರಸನ್ನಕುಮಾರ್ ದನಿ ಏರಿಸಲಿಲ್ಲ.

"ನಮ್ಮಪ್ಪ ಒಂದು ಮಾತಿಗೆ ನಾಕು ಸಲ ಕೆಮ್ಮೋರು. ಇದ್ರಾಗೆ ಕೆಮ್ಮೇ ಇಲ್ವಲ್ಲ ತಿಮ್ಮೇಶ?"

"ಕ್ಲೀನ್ ಮಾಡೀನಿ."

"ಈ ಮಾತ್ನಾಗೂ ಕತ್ರಿ ಹಾಕಿದ್ಯಾ?"

ಹಾಕಿದ್ದ. ಅಲ್ಲೇ ಹಾಕಿದ್ದ. ಒಪ್ಪಿಕೊಂಡ, ಮೂಲ ಉಳಿದಿಲ್ಲ ಅಂತಲೂ ಹೇಳಿದ. ಕಟ್ಟೆಯ ಮೇಲೆ ಗುಸುಗುಸು ಎದ್ದಿತು. ಹಿರಿಯ ಚಿಕ್ಕಹನುಮಂತಪ್ಪ ಕೈ ಎತ್ತಿ ಸುಮ್ಮನಾಗಿಸಿದರು. ಆ ಊರಿನಲ್ಲಿ ಕಾಗದ ಇಲ್ಲದ ಮಾತಿಗೆ ದುರ್ಗಮ್ಮನ ಭಂಡಾರ ಮುಟ್ಟಿ ಆಣೆ ಮಾಡಿದರೆ ಅದೇ ಕೊನೆ.

"ಮಷೀನು ಇರ್ಲಿ ಬಿಡಪ್ಪ. ಎದುರಿಗೆ ಕೂತು ಕೇಳ್ದೋನು ನೀನು. ಭಂಡಾರ ಮುಟ್ಟಿ ಹೇಳು, ಕೊಟ್ಟೀನಿ ಅಂದ್ರಾ? ನಾವು ಒಪ್ಕಂತೀವಿ."

ಪೂಜಾರಿ ಭಂಡಾರದ ಅರಿಶಿನ ಪುಡಿಯ ತಟ್ಟೆ ತಂದು ಹಿಡಿದ. ತಿಮ್ಮೇಶ ಕೈ ಚಾಚಿದ. ಆಗ ಅವನಿಗೆ ಪರದೆಯ ಮೇಲಿನ ಅಕ್ಷರಗಳು ನೆನಪಾದವು. ಬಸವರಾಜಪ್ಪ ಆ ಮಾತನ್ನು ಎರಡು ಸಲ ಆಡಿದ್ದರು. ಒಂದು ಸಲ 'ಕೊಟ್ಟೀನಿ', ಇನ್ನೊಂದು ಸಲ 'ಕೊಡ್ಬೇಕು ಅಂತಿದೀನಿ'. ನಡುವೆ ಕೆಮ್ಮು, 'ಅಲ್ಲಲ್ಲ' ಅಂತ ಒಂದು ಮಾತು. ಚೆಂದ ಕೂರುವುದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿದ್ದ.

ಯಾವುದು ಮೊದಲು? ಯಾವುದನ್ನು ಅವರು ಅಲ್ಲಲ್ಲ ಅಂದಿದ್ದು?

ಕಣ್ಣು ಮುಚ್ಚಿ ಆ ಪಡಸಾಲೆಯನ್ನು ನೆನಪಿಗೆ ತಂದುಕೊಂಡ. ಬಸವರಾಜಪ್ಪನವರ ಮುಖ ಬಂತು, ಹೆಗಲ ಮೇಲಿನ ಟವೆಲ್ಲೂ ಬಂತು. ದನಿ ಮಾತ್ರ ಅದೇ, ಐವತ್ತು ಸಲ ಹಾಕಿ ಕೇಳಿದ್ದ ನುಣುಪು ದನಿ. ತನ್ನ ನೆನಪಿನಲ್ಲೂ ಅವರು ಕೆಮ್ಮಲಿಲ್ಲ. ತಿಮ್ಮೇಶನಿಗೆ ಅಳು ಬಂತು. ಸುಳ್ಳಾಣೆ ಮಾಡುವ ಧೈರ್ಯ ಅವನಿಗಿರಲಿಲ್ಲ, ನಿಜ ಏನೆಂದು ಗೊತ್ತಿರಲಿಲ್ಲ.

"ನಂಗೆ ನೆಪ್ಪಿಲ್ಲ," ಅಂತ ಕೈ ಹಿಂದಕ್ಕೆ ತೆಗೆದುಕೊಂಡ.

ಜಾಗ ಬಿಡಲು ದ್ಯಾಮಮ್ಮನಿಗೆ ಯುಗಾದಿವರೆಗೆ ಗಡುವು ಕೊಟ್ಟು ಹಿರಿಯರು ಎದ್ದರು. ದ್ಯಾಮಮ್ಮ ಅಲ್ಲೇ ಕಟ್ಟೆಯ ಕೆಳಗೆ ಕೂತಿದ್ದಳು. ಬೈಯುತ್ತಾಳೆ, ಬೈದರೆ ಸಾಕು ಅಂದುಕೊಂಡ ತಿಮ್ಮೇಶ ಹತ್ತಿರ ಹೋದ.

"ಇನ್ನೊಂದ್ಸಲ ಹಾಕಪ್ಪ ಅದನ್ನ," ಅಂದಳು.

ಅವನು ಹಾಕಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು.

"ಎಷ್ಟು ಚೆಂದ ಹೇಳ್ಯಾರೆ ನೋಡು. ಒಂಚೂರೂ ತಡವರಿಸಿಲ್ಲ."